ಟ್ರಾಫಿಕ್ ಸಿಗ್ನಲ್‌ಗೆ ನೆನಪೇಕೆ ಬೇಕು: ಸಂಯೋಜನಾ ಮಂಡಲ ಮತ್ತು ಅನುಕ್ರಮ ಮಂಡಲ

ಡಿಜಿಟಲ್ ವಿದ್ಯುನ್ಮಂಡಲಗಳಲ್ಲಿ ಎರಡು ಮುಖ್ಯ ವರ್ಗಗಳಿವೆ. ಈ ಕ್ಷಣದಲ್ಲಿ ಇನ್‌ಪುಟ್ ತಂತಿಗಳ ಮೇಲೆ ಏನಿದೆಯೋ ಅಷ್ಟನ್ನೇ ನೋಡಿ ಔಟ್‌ಪುಟ್ ಕೊಡುವುದು ಸಂಯೋಜನಾ ಮಂಡಲ. ಎಂಜಿನಿಯರಿಂಗ್ ತರಗತಿಗಳಲ್ಲಿ ಇದು ಕಾಂಬಿನೇಷನಲ್ ಸರ್ಕ್ಯೂಟ್. ಈಗಿನ ಇನ್‌ಪುಟ್ ಜೊತೆಗೆ ಹಿಂದೆ ನಡೆದದ್ದನ್ನೂ ಗಣನೆಗೆ ತೆಗೆದುಕೊಳ್ಳುವುದು ಅನುಕ್ರಮ ಮಂಡಲ, ಅಂದರೆ ಸೀಕ್ವೆನ್ಷಿಯಲ್ ಸರ್ಕ್ಯೂಟ್. ಎರಡನೆಯದಕ್ಕೆ ಉದಾಹರಣೆಯಾಗಿ ಪಠ್ಯಪುಸ್ತಕಗಳು ಟ್ರಾಫಿಕ್ ಸಿಗ್ನಲನ್ನು ಮತ್ತೆ ಮತ್ತೆ ತರುತ್ತವೆ. ದೀಪಗಳು ಹಸಿರು, ಹಳದಿ, ಕೆಂಪು ಎಂದು ಒಂದಾದ ಮೇಲೊಂದು ಬರುತ್ತವೆ, ಆದ್ದರಿಂದ ಅದು ಅನುಕ್ರಮ ಮಂಡಲ ಎಂದು ಹೇಳಿ ಮುಂದೆ ಹೋಗುತ್ತವೆ. ಈ ವಿವರಣೆ ತಪ್ಪಲ್ಲ, ಆದರೆ ಸಾಲದು. ದೀಪಗಳು ಸರದಿಯಲ್ಲಿ ಬರುತ್ತವೆ ಎಂಬುದು ನಾವು ಹೊರಗಿನಿಂದ ಕಾಣುವ ಸಂಗತಿ. ಆ ಸರದಿಯನ್ನು ನೆನಪಿಲ್ಲದ ಮಂಡಲವೊಂದು ಯಾಕೆ ನಡೆಸಲಾರದು ಎಂಬುದು ಅದರಿಂದ ತಿಳಿಯುವುದಿಲ್ಲ. ನಿಜವಾದ ಕಾರಣ ಇನ್ನೂ ಸರಳವಾಗಿದೆ ಮತ್ತು ಅದನ್ನು ಗಣಿತದ ಸಾಧನೆಯಷ್ಟೇ ಖಚಿತವಾಗಿ ತೋರಿಸಬಹುದು: ಕೂಡುರಸ್ತೆಯಲ್ಲಿ ಇನ್‌ಪುಟ್‌ಗಳು ಒಂದೇ ಆಗಿದ್ದರೂ ಬೇರೆ ಬೇರೆ ದೀಪ ಉರಿಯಬೇಕಾದ ಕ್ಷಣಗಳಿವೆ.

ಇದನ್ನು ನೋಡಲು ಒಂದು ಪ್ರಸಿದ್ಧ ಮಾದರಿಯನ್ನೇ ತೆಗೆದುಕೊಳ್ಳಬಹುದು. ಕಾರ್ವರ್ ಮೀಡ್ ಮತ್ತು ಲಿನ್ ಕಾನ್ವೇ 1980ರಲ್ಲಿ ಪ್ರಕಟಿಸಿದ ಚಿಪ್ ವಿನ್ಯಾಸದ ಪಠ್ಯಪುಸ್ತಕದಲ್ಲಿ ಒಂದು ಕೂಡುರಸ್ತೆಯ ನಿಯಂತ್ರಕವಿದೆ. ವಾಹನ ದಟ್ಟಣೆಯ ಹೆದ್ದಾರಿಯೊಂದನ್ನು ಹೊಲಗಳ ಕಡೆಯಿಂದ ಬರುವ ಸಣ್ಣ ರಸ್ತೆಯೊಂದು ಅಡ್ಡ ಹಾಯುತ್ತದೆ. ಅಡ್ಡರಸ್ತೆಯಲ್ಲಿ ಯಾರೂ ಇಲ್ಲದಿದ್ದರೆ ಹೆದ್ದಾರಿಗೆ ಹಸಿರು ಇದ್ದೇ ಇರುತ್ತದೆ. ಅಡ್ಡರಸ್ತೆಯಲ್ಲಿ ವಾಹನ ಬಂದು ನಿಂತಾಗ, ಹೆದ್ದಾರಿಗೆ ಅದರ ಪಾಲಿನ ದೀರ್ಘ ಅವಧಿ ಸಿಕ್ಕಿದ್ದರೆ ಮಾತ್ರ, ಹೆದ್ದಾರಿಗೆ ಹಳದಿ ಬರುತ್ತದೆ. ಹಳದಿಯ ಕಿರು ಅವಧಿ ಮುಗಿದ ಮೇಲೆ ಹೆದ್ದಾರಿಗೆ ಕೆಂಪು, ಅಡ್ಡರಸ್ತೆಗೆ ಹಸಿರು. ಅಡ್ಡರಸ್ತೆ ಖಾಲಿಯಾದ ಕೂಡಲೇ, ಅಥವಾ ಅದಕ್ಕೂ ದೀರ್ಘ ಅವಧಿ ಕಳೆದ ಕೂಡಲೇ, ಅಲ್ಲಿಗೆ ಹಳದಿ. ಆಮೇಲೆ ಮತ್ತೆ ಹೆದ್ದಾರಿಗೆ ಹಸಿರು. ನಿಯಂತ್ರಕಕ್ಕೆ ಬರುವ ಇನ್‌ಪುಟ್‌ಗಳು ಮೂರೇ. C ಎಂಬುದು ಅಡ್ಡರಸ್ತೆಯಲ್ಲಿ ವಾಹನವಿದ್ದರೆ 1, ಇಲ್ಲದಿದ್ದರೆ 0. TS ಕಿರು ಅವಧಿ ಕಳೆದಿದೆಯೇ ಎಂದು, TL ದೀರ್ಘ ಅವಧಿ ಕಳೆದಿದೆಯೇ ಎಂದು ಹೇಳುತ್ತವೆ. ಈ ಎರಡನ್ನೂ ಪಕ್ಕದಲ್ಲಿರುವ ಒಂದು ಟೈಮರ್ ಕೊಡುತ್ತದೆ; ದೀಪ ಬದಲಾದಾಗಲೆಲ್ಲ ನಿಯಂತ್ರಕ ಆ ಟೈಮರನ್ನು ಸೊನ್ನೆಯಿಂದ ಶುರು ಮಾಡಿಸುತ್ತದೆ. ಲೆಕ್ಕಕ್ಕಾಗಿ ಕಿರು ಅವಧಿ 5 ಸೆಕೆಂಡ್, ದೀರ್ಘ ಅವಧಿ 30 ಸೆಕೆಂಡ್ ಎಂದಿಟ್ಟುಕೊಳ್ಳೋಣ.

ಈಗ ಒಂದು ಸುತ್ತನ್ನು ಗಡಿಯಾರ ಹಿಡಿದು ನೋಡೋಣ. ಸೊನ್ನೆಯ ಸೆಕೆಂಡಿನಲ್ಲಿ ಹೆದ್ದಾರಿಗೆ ಹಸಿರು ಬಂದಿದೆ. 12ನೆಯ ಸೆಕೆಂಡಿಗೆ ಅಡ್ಡರಸ್ತೆಯಲ್ಲಿ ಒಂದು ಕಾರು ಬಂದು ನಿಲ್ಲುತ್ತದೆ, ಆದರೆ ದೀರ್ಘ ಅವಧಿ ಮುಗಿದಿಲ್ಲವಾದ್ದರಿಂದ ಏನೂ ಬದಲಾಗುವುದಿಲ್ಲ. 30ಕ್ಕೆ TL 1 ಆಗುತ್ತದೆ, ಹೆದ್ದಾರಿಗೆ ಹಳದಿ ಬರುತ್ತದೆ, ಟೈಮರ್ ಮೊದಲಿನಿಂದ ಎಣಿಸತೊಡಗುತ್ತದೆ. 35ಕ್ಕೆ ಅಡ್ಡರಸ್ತೆಗೆ ಹಸಿರು. ಕಾರು ಹೊರಟು 41ಕ್ಕೆ ರಸ್ತೆ ಖಾಲಿಯಾಗುತ್ತದೆ, ಅಡ್ಡರಸ್ತೆಗೆ ಹಳದಿ ಬರುತ್ತದೆ. 42ಕ್ಕೆ ಇನ್ನೊಂದು ಕಾರು ಬಂದು ಹಳದಿ ಕಂಡು ನಿಲ್ಲುತ್ತದೆ. 46ಕ್ಕೆ ಹೆದ್ದಾರಿಗೆ ಮತ್ತೆ ಹಸಿರು. ಆ ಕಾರು ತನ್ನ ಸರದಿಗಾಗಿ ಕಾಯುತ್ತಿದೆ. ಈ ಕತೆಯಲ್ಲಿ ನಾಲ್ಕು ಕ್ಷಣಗಳನ್ನು ಆರಿಸಿಕೊಳ್ಳೋಣ: 32, 37, 43, 48. ನಾಲ್ಕರಲ್ಲೂ ಅಡ್ಡರಸ್ತೆಯಲ್ಲಿ ವಾಹನವಿದೆ, ಹಾಗಾಗಿ C 1. ನಾಲ್ಕರಲ್ಲೂ ಟೈಮರ್ ಶುರುವಾಗಿ ಎರಡೇ ಸೆಕೆಂಡ್ ಆಗಿದೆ, ಹಾಗಾಗಿ TS ಕೂಡ 0, TL ಕೂಡ 0. ನಿಯಂತ್ರಕದ ಮೂರು ತಂತಿಗಳನ್ನು ಮೀಟರ್ ಇಟ್ಟು ಅಳೆದರೆ ನಾಲ್ಕೂ ಕ್ಷಣಗಳಲ್ಲಿ ಸಿಗುವುದು 1, 0, 0. ಆದರೆ ದೀಪಗಳು? 32ರಲ್ಲಿ ಹೆದ್ದಾರಿಗೆ ಹಳದಿ, 37ರಲ್ಲಿ ಅಡ್ಡರಸ್ತೆಗೆ ಹಸಿರು, 43ರಲ್ಲಿ ಅಡ್ಡರಸ್ತೆಗೆ ಹಳದಿ, 48ರಲ್ಲಿ ಹೆದ್ದಾರಿಗೆ ಹಸಿರು.

ಇಡೀ ವಾದ ನಿಂತಿರುವುದು ಈ ನಾಲ್ಕು ಕ್ಷಣಗಳ ಮೇಲೆ. ಸಂಯೋಜನಾ ಮಂಡಲವನ್ನು ಒಂದು ಕೋಷ್ಟಕವಾಗಿ ಬರೆದಿಡಬಹುದು. ಅದಕ್ಕೆ ಸತ್ಯಕೋಷ್ಟಕ ಎನ್ನುತ್ತಾರೆ. ಮೂರು ಇನ್‌ಪುಟ್‌ಗಳಿದ್ದರೆ ಎಂಟು ಸಾಲು, ಪ್ರತಿ ಸಾಲಿನ ಎದುರು ಒಂದೇ ಉತ್ತರ. 1, 0, 0 ಎಂಬ ಸಾಲಿನ ಎದುರು ನಾವು ಏನು ಬರೆಯಬೇಕು? ಹೆದ್ದಾರಿಗೆ ಹಸಿರು ಎಂದು ಬರೆದರೆ ಹಳದಿ ಬಂದ ಮರುಕ್ಷಣವೇ ಮತ್ತೆ ಹಸಿರಾಗುತ್ತದೆ. ಅಡ್ಡರಸ್ತೆಗೆ ಹಸಿರು ಎಂದು ಬರೆದರೆ, 48ನೆಯ ಸೆಕೆಂಡಿನಲ್ಲಿ ಹೆದ್ದಾರಿಯ ವಾಹನಗಳು ಆಗಷ್ಟೇ ಚಲಿಸತೊಡಗಿದಾಗ ಅವುಗಳ ಹಸಿರನ್ನು ಕಿತ್ತುಕೊಂಡಂತೆ. ಹಳದಿಗಳಲ್ಲಿ ಯಾವುದನ್ನು ಬರೆದರೂ ಇಂಥದೇ ಅನಾಹುತ. ಒಂದು ಸಾಲಿಗೆ ನಾಲ್ಕು ಉತ್ತರ ಬೇಕಾಗಿದೆ, ಕೋಷ್ಟಕದಲ್ಲಿರುವುದು ಒಂದೇ ಜಾಗ. ವಿನ್ಯಾಸಕಾರ ಎಷ್ಟೇ ಜಾಣನಿರಲಿ, ಎಷ್ಟೇ ಗೇಟ್‌ಗಳನ್ನು ಬಳಸಲಿ, ಸಂಯೋಜನಾ ಮಂಡಲದಿಂದ ಇದು ಆಗದ ಕೆಲಸ. ಉತ್ತರವನ್ನು ಬೇರ್ಪಡಿಸಲು ತಂತಿಗಳಲ್ಲಿಲ್ಲದ ಇನ್ನೊಂದು ಸಂಗತಿ ಬೇಕು: ನಾವು ಸುತ್ತಿನ ಯಾವ ಹಂತದಲ್ಲಿದ್ದೇವೆ ಎಂಬುದು. ಅದನ್ನು ಮಂಡಲ ತನ್ನೊಳಗೆ ಇಟ್ಟುಕೊಂಡಿರಬೇಕು. ಹೀಗೆ ಒಳಗೆ ಉಳಿಸಿಕೊಂಡದ್ದಕ್ಕೆ ಸ್ಥಿತಿ ಎಂದು ಹೆಸರು.

ನೆನಪು ಎಂದ ಕೂಡಲೇ ಬೆಳಗಿನಿಂದ ಹಾದುಹೋದ ವಾಹನಗಳ ದಾಖಲೆಯೆಲ್ಲ ಎಲ್ಲೋ ಜಮೆಯಾಗುತ್ತದೆ ಎಂದು ಭಾವಿಸಬೇಕಾಗಿಲ್ಲ. ನಿಯಂತ್ರಕಕ್ಕೆ ಗತಕಾಲದ ವಿವರ ಬೇಡ. ಮುಂದಿನ ನಡೆಯನ್ನು ಬದಲಿಸಬಲ್ಲ ವ್ಯತ್ಯಾಸ ಮಾತ್ರ ಸಾಕು. ಅಡ್ಡರಸ್ತೆಯಲ್ಲಿ ಒಂದು ಲಾರಿ ಹೋಗಿ ಹೆದ್ದಾರಿಗೆ ಹಸಿರು ಬಂದಿದ್ದರೂ, ಹತ್ತು ಟ್ರ್ಯಾಕ್ಟರ್ ಹೋದ ಮೇಲೆ ಬಂದಿದ್ದರೂ, ಇಲ್ಲಿಂದ ಮುಂದೆ ಆಗಬೇಕಾದದ್ದು ಒಂದೇ. ಅಂಥ ಎಲ್ಲ ಗತಕಾಲಗಳನ್ನು ಮಂಡಲ ಒಂದೇ ಗುಂಪಿಗೆ ಸೇರಿಸಿಬಿಡಬಹುದು. ಈ ಕೂಡುರಸ್ತೆಯಲ್ಲಿ ಅಂಥ ಗುಂಪುಗಳು ನಾಲ್ಕು, ನಾಲ್ಕನ್ನು ಗುರುತಿಸಲು ಎರಡು ಬಿಟ್ ಸಾಕು. ಟೈಮರಿನ ಎಣಿಕೆಗೆ, ಸೆಕೆಂಡಿಗೊಂದರಂತೆ 30ರವರೆಗೆ ಹೋಗಲು, ಇನ್ನು ಐದು ಬಿಟ್ ಬೇಕು. ಒಟ್ಟು ಏಳು ಬಿಟ್ ನೆನಪಿನಲ್ಲಿ ಈ ಕೂಡುರಸ್ತೆ ವರ್ಷಗಟ್ಟಲೆ ನಡೆಯಬಲ್ಲದು. ಯಾವುದನ್ನು ಮರೆಯಬಹುದು ಎಂದು ನಿರ್ಧರಿಸುವುದೇ ಅನುಕ್ರಮ ಮಂಡಲದ ವಿನ್ಯಾಸದ ಅರ್ಧ ಕೆಲಸ.

ಈ ವಾದಕ್ಕೆ ಎದುರಾಗಿ ಮೊದಲು ಕೇಳಿಬರುವ ಮಾತು ಇದು: ಇನ್‌ಪುಟ್‌ಗಳು ಕಡಿಮೆಯಾದದ್ದರಿಂದ ತಾನೇ ಈ ತೊಡಕು, ಇನ್ನಷ್ಟು ಕೊಟ್ಟರಾಯಿತಲ್ಲ? ಉದಾಹರಣೆಗೆ, ಸಮಯವನ್ನೇ ಇನ್‌ಪುಟ್ ಮಾಡೋಣ. 60 ಸೆಕೆಂಡಿನ ಸುತ್ತಿನಲ್ಲಿ ಈಗ ಎಷ್ಟನೆಯ ಸೆಕೆಂಡ್ ಎಂದು ತಿಳಿಸಿದರೆ, ಯಾವ ದೀಪ ಉರಿಯಬೇಕು ಎಂಬುದನ್ನು ಸಂಯೋಜನಾ ಮಂಡಲವೇ ಹೇಳಬಲ್ಲದು. ನಿಜ. ಆದರೆ ಸೆಕೆಂಡುಗಳನ್ನು ಎಣಿಸುವವರು ಯಾರು? 17 ಆದ ಮೇಲೆ 18 ಎಂದು ಹೇಳಲು ಈಗ 17 ಎಂಬುದು ಗೊತ್ತಿರಬೇಕು. ಎಣಿಸುವ ಮಂಡಲ ಸ್ವತಃ ಅನುಕ್ರಮ ಮಂಡಲ. ನೆನಪು ಇಲ್ಲವಾಗಲಿಲ್ಲ, ಪಕ್ಕದ ಡಬ್ಬಿಗೆ ಹೋಯಿತು ಅಷ್ಟೆ. ಎಲೆಕ್ಟ್ರಾನಿಕ್ಸ್ ಬರುವ ಮೊದಲಿನ ನಿಯಂತ್ರಕಗಳಲ್ಲಿ ಮೋಟಾರು ತಿರುಗಿಸುವ ಒಂದು ದಂಡ, ಅದರ ಮೇಲಿನ ಉಬ್ಬುಗಳು ಸ್ವಿಚ್‌ಗಳನ್ನು ಒತ್ತಿ ದೀಪ ಬದಲಿಸುತ್ತಿದ್ದವು. ಅಲ್ಲಿ ದಂಡ ಎಷ್ಟು ತಿರುಗಿ ನಿಂತಿದೆ ಎಂಬುದೇ ನೆನಪು. ಇನ್ನೂ ಹಿಂದೆ, 1868ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಬಳಿ ನಿಲ್ಲಿಸಿದ ಗ್ಯಾಸ್ ದೀಪದ ಸಿಗ್ನಲನ್ನು ಪೊಲೀಸನೊಬ್ಬ ಕೈಯಿಂದ ನಡೆಸುತ್ತಿದ್ದ. ಈಗ ಯಾರ ಸರದಿ ಎಂಬುದು ಆತನ ತಲೆಯಲ್ಲಿತ್ತು. ಸಾಧನ ಬದಲಾಗಿದೆ, ಅಗತ್ಯ ಬದಲಾಗಿಲ್ಲ. ರಾತ್ರಿ ಹೊತ್ತು ನಮ್ಮ ಊರುಗಳ ಸಿಗ್ನಲ್‌ಗಳಲ್ಲಿ ಬರೀ ಹಳದಿ ದೀಪ ಮಿನುಗುತ್ತಿರುತ್ತದಲ್ಲ, ಅದಕ್ಕೂ ಈಗ ಉರಿದಿದ್ದೆನೋ ಆರಿದ್ದೆನೋ ಎಂಬ ಒಂದು ಬಿಟ್ ನೆನಪು ಬೇಕು.

ಇದಕ್ಕಿಂತ ಚುರುಕಾದ ಆಕ್ಷೇಪ ಇನ್ನೊಂದಿದೆ. ಈಗ ಯಾವ ದೀಪ ಉರಿಯುತ್ತಿದೆ ಎಂಬುದನ್ನು ಕ್ಯಾಮೆರಾ ಇಟ್ಟು ನೋಡಿ ಅದನ್ನೇ ಇನ್‌ಪುಟ್ ಆಗಿ ಕೊಟ್ಟರೆ? ಆಗ 32 ಮತ್ತು 37ರ ಇನ್‌ಪುಟ್‌ಗಳು ಬೇರೆಯಾಗುತ್ತವೆ, ಪ್ರತ್ಯೇಕ ನೆನಪಿನ ಭಾಗ ಬೇಕಿಲ್ಲ. ಈ ಆಕ್ಷೇಪದಲ್ಲಿ ಹುರುಳಿದೆ, ಆದರೆ ಎರಡು ಕಾರಣಕ್ಕೆ ಅದು ನಿಲ್ಲುವುದಿಲ್ಲ. ಔಟ್‌ಪುಟ್ ತಿರುಗಿ ಇನ್‌ಪುಟ್ ಆಗಿ ಬಂದರೆ ಅಲ್ಲೊಂದು ಕುಣಿಕೆ ಏರ್ಪಟ್ಟಿತು, ಆ ಕುಣಿಕೆಯೇ ನೆನಪು. ತಂತಿಯ ಬದಲು ಬೆಳಕು ಅದನ್ನು ಹೊತ್ತಿದೆ. ಎರಡನೆಯ ಕಾರಣ ಇನ್ನೂ ಬಲವಾದದ್ದು. ಮೀಡ್ ಮತ್ತು ಕಾನ್ವೇ ಅವರ ಮಾದರಿ ಪಾಠಕ್ಕಾಗಿ ಸರಳಗೊಳಿಸಿದ್ದು. ನಿಜವಾದ ಕೂಡುರಸ್ತೆಗಳಲ್ಲಿ ಒಂದು ಕಡೆಯ ಹಳದಿ ಮುಗಿದ ಮೇಲೆ ಕೂಡುರಸ್ತೆಯ ನಡುವಿನ ವಾಹನಗಳು ದಾಟಿಹೋಗಲೆಂದು ಒಂದೆರಡು ಸೆಕೆಂಡ್ ಎರಡೂ ಕಡೆ ಕೆಂಪು ಕೊಡುವುದುಂಟು. ಹಾಗಾಗಿ ಸುತ್ತಿನಲ್ಲಿ ಎಲ್ಲ ಕೆಂಪಿನ ಹಂತ ಎರಡು ಸಲ ಬರುತ್ತದೆ: ಹೆದ್ದಾರಿಯ ಹಳದಿಯ ನಂತರ ಒಮ್ಮೆ, ಅಡ್ಡರಸ್ತೆಯ ಹಳದಿಯ ನಂತರ ಒಮ್ಮೆ. ಎರಡರಲ್ಲೂ ದೀಪಗಳು ಒಂದೇ, C ಒಂದೇ ಇರಬಹುದು, ಟೈಮರ್ ಒಂದೇ. ಆದರೂ ಮೊದಲನೆಯದರ ಬಳಿಕ ಹಸಿರು ಅಡ್ಡರಸ್ತೆಗೆ ಹೋಗಬೇಕು, ಎರಡನೆಯದರ ಬಳಿಕ ಹೆದ್ದಾರಿಗೆ. ದೀಪಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಈ ವ್ಯತ್ಯಾಸ ಕಾಣದು. ಅದು ಮಂಡಲದ ಒಳಗೆ ಮಾತ್ರ ಇದೆ. ಸ್ಥಿತಿ ಎಂದರೆ ಔಟ್‌ಪುಟ್‌ನ ಇನ್ನೊಂದು ಹೆಸರಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ನಿಯಂತ್ರಕದ ಒಳರಚನೆಗೆ ಬರೋಣ. ನಾಲ್ಕು ಸ್ಥಿತಿಗಳ ಮೂಲ ಮಾದರಿಗೇ ಮರಳಿ, ಎರಡು ಬಿಟ್‌ಗಳನ್ನು Q1, Q0 ಎಂದು ಕರೆದು, ಹೆದ್ದಾರಿ ಹಸಿರಿಗೆ 00, ಹೆದ್ದಾರಿ ಹಳದಿಗೆ 01, ಅಡ್ಡರಸ್ತೆ ಹಸಿರಿಗೆ 11, ಅಡ್ಡರಸ್ತೆ ಹಳದಿಗೆ 10 ಎಂದು ಸಂಕೇತ ಕೊಡೋಣ. ಕೆಳಗಿನ ಸಮೀಕರಣಗಳಲ್ಲಿ H ಹೆದ್ದಾರಿ, F ಅಡ್ಡರಸ್ತೆ. G ಹಸಿರು, Y ಹಳದಿ, R ಕೆಂಪು. D1 ಮತ್ತು D0 ಎಂಬುವು ಮುಂದಿನ ಕ್ಲಾಕ್ ಬಡಿತಕ್ಕೆ Q1 ಮತ್ತು Q0 ಏನಾಗಬೇಕು ಎಂಬುದನ್ನು ಹೇಳುತ್ತವೆ.

```
HG = !Q1 & !Q0    HY = !Q1 & Q0    HR = Q1
FG = Q1 & Q0      FY = Q1 & !Q0    FR = !Q1
D1 = (Q1 & Q0) | (!Q1 & Q0 & TS) | (Q1 & !Q0 & !TS)
D0 = (!Q1 & !Q0 & C & TL) | (!Q1 & Q0) | (Q1 & Q0 & C & !TL)
```

ಇದರಲ್ಲಿ `&` ಎಂದರೆ ಆ್ಯಂಡ್, `|` ಎಂದರೆ ಆರ್, `!` ಎಂದರೆ ನಾಟ್. ಮೊದಲ ಎರಡು ಸಾಲುಗಳು ಹೇಳುವುದನ್ನು ಗಮನಿಸಿ: ಹೆದ್ದಾರಿಯ ಕೆಂಪು Q1, ಅಡ್ಡರಸ್ತೆಯ ಕೆಂಪು ಅದರ ವಿರುದ್ಧ. ಒಂದೇ ಬಿಟ್ ಏಕಕಾಲಕ್ಕೆ 0 ಮತ್ತು 1 ಆಗಲಾರದಾದ್ದರಿಂದ ಈ ವಿನ್ಯಾಸದಲ್ಲಿ ಎರಡೂ ಕಡೆ ಹಸಿರು ಬೇಕೆಂದು ಸ್ಥಿತಿಯೇ ಹೇಳಲಾರದು. 37ನೆಯ ಸೆಕೆಂಡನ್ನು ಇದರಲ್ಲಿ ಹಾಕಿ ನೋಡಬಹುದು: Q1 ಮತ್ತು Q0 ಎರಡೂ 1, C 1, TL 0. D1ರ ಮೊದಲ ಪದ 1, D0ದ ಕೊನೆಯ ಪದ 1. ಸ್ಥಿತಿ 11ರಲ್ಲೇ ಉಳಿಯುತ್ತದೆ. 41ರಲ್ಲಿ C ಸೊನ್ನೆಯಾದಾಗ D0ದ ಕೊನೆಯ ಪದ ಬೀಳುತ್ತದೆ, ಮುಂದಿನ ಬಡಿತಕ್ಕೆ ಸ್ಥಿತಿ 10 ಆಗಿ ಅಡ್ಡರಸ್ತೆಗೆ ಹಳದಿ ಬರುತ್ತದೆ. ಕುತೂಹಲದ ಸಂಗತಿಯೆಂದರೆ ಈ ನಾಲ್ಕು ಸಾಲುಗಳೂ ಅಪ್ಪಟ ಸಂಯೋಜನಾ ಮಂಡಲಗಳು. ಅನುಕ್ರಮ ಮಂಡಲ ಸಂಯೋಜನಾ ಮಂಡಲವನ್ನು ಹೊರಗಿಡುವುದಿಲ್ಲ; ಯೋಚಿಸುವ ಕೆಲಸವನ್ನೆಲ್ಲ ಅದಕ್ಕೇ ಬಿಟ್ಟು, ನೆನಪಿಡುವ ಕೆಲಸವನ್ನು ಮಾತ್ರ ಎರಡು ಫ್ಲಿಪ್-ಫ್ಲಾಪ್‌ಗಳಿಗೆ ವಹಿಸುತ್ತದೆ. ದೀಪಗಳು ಸ್ಥಿತಿಯೊಂದನ್ನೇ ಅವಲಂಬಿಸಿವೆ. ಇಂಥ ಏರ್ಪಾಟಿಗೆ ಎಡ್ವರ್ಡ್ ಮೂರ್ ಹೆಸರಿದೆ. ಔಟ್‌ಪುಟ್ ಸ್ಥಿತಿ ಮತ್ತು ಇನ್‌ಪುಟ್ ಎರಡನ್ನೂ ನೋಡುವುದಾದರೆ ಅದಕ್ಕೆ ಜಾರ್ಜ್ ಮೀಲಿ ಹೆಸರು. ಟೈಮರನ್ನು ಮರುಪ್ರಾರಂಭಿಸುವ ಸಂಕೇತ ಈ ಎರಡನೆಯ ಬಗೆಯದು.

ಹಾಗಾದರೆ ಫ್ಲಿಪ್-ಫ್ಲಾಪಿನೊಳಗೆ ಏನಿದೆ? ಅಲ್ಲಿಯೂ ಗೇಟ್‌ಗಳೇ. ಇದನ್ನು ಕೇಳಿದವರು, ಎರಡೂ ಬಗೆಯ ಮಂಡಲಗಳು ಒಂದೇ ಗೇಟ್‌ಗಳಿಂದ ಆಗಿದ್ದರೆ ಈ ವಿಂಗಡಣೆ ಹೆಸರಿಗೆ ಮಾತ್ರವಲ್ಲವೇ ಎನ್ನಬಹುದು. ಅಲ್ಲ, ವ್ಯತ್ಯಾಸ ಇರುವುದು ಬಿಡಿಭಾಗಗಳಲ್ಲಿ ಅಲ್ಲ, ಜೋಡಣೆಯಲ್ಲಿ. ಪಾದಚಾರಿಗಳು ರಸ್ತೆ ದಾಟಲು ಒತ್ತುವ ಗುಂಡಿಯನ್ನು ತೆಗೆದುಕೊಳ್ಳಿ. ಅವರು ಒತ್ತಿ ಕೈ ತೆಗೆಯುತ್ತಾರೆ, ದಾಟುವ ಅವಕಾಶ ಬರುವುದು ಅರ್ಧ ನಿಮಿಷದ ಮೇಲೆ. ಅಷ್ಟು ಹೊತ್ತು ಆ ಕೋರಿಕೆ ಉಳಿಯಬೇಕು. ಇದಕ್ಕೆ ಎರಡು ನಾರ್ ಗೇಟ್ ಸಾಕು. ನಾರ್ ಎಂದರೆ ಇನ್‌ಪುಟ್‌ಗಳೆಲ್ಲ 0 ಇದ್ದಾಗ ಮಾತ್ರ 1 ಕೊಡುವ ಗೇಟ್. ಮೊದಲ ಗೇಟಿಗೆ ಗುಂಡಿ ಮತ್ತು ಎರಡನೆಯ ಗೇಟಿನ ಔಟ್‌ಪುಟ್. ಎರಡನೆಯದಕ್ಕೆ ಅಳಿಸುವ ಸಂಕೇತ ಮತ್ತು ಮೊದಲನೆಯದರ ಔಟ್‌ಪುಟ್. ಗುಂಡಿ ಒತ್ತಿದಾಗ ಮೊದಲ ಗೇಟ್ 0 ಕೊಡುತ್ತದೆ, ಆಗ ಎರಡನೆಯದರ ಎರಡೂ ಇನ್‌ಪುಟ್ 0 ಆಗಿ ಅದು 1 ಕೊಡುತ್ತದೆ. ಈಗ ಕೈ ತೆಗೆದರೂ ಮೊದಲ ಗೇಟಿಗೆ ಎರಡನೆಯದರಿಂದ 1 ಬರುತ್ತಲೇ ಇರುವುದರಿಂದ ಅದು 0 ಆಗಿಯೇ ಉಳಿಯುತ್ತದೆ. ಎರಡು ಗೇಟುಗಳೂ ಪರಸ್ಪರ ಹಿಡಿದುಕೊಂಡಿವೆ. ದಾಟುವ ದೀಪ ಉರಿದಾಗ ಅಳಿಸುವ ಸಂಕೇತ ಬಂದು ಕೋರಿಕೆ ರದ್ದಾಗುತ್ತದೆ. ಗುಂಡಿಯೂ ಅಳಿಸುವ ಸಂಕೇತವೂ 0 ಇರುವಾಗ ಈ ಜೋಡಿಗೆ ಎರಡು ಉತ್ತರಗಳು ಸಮನಾಗಿ ಸರಿ: ಕೋರಿಕೆ ಇದೆ ಅಥವಾ ಇಲ್ಲ. ಕೂಡುರಸ್ತೆಯಲ್ಲಿ ನಮ್ಮನ್ನು ತಡೆದ ತೊಡಕೇ, ಅಂದರೆ ಒಂದೇ ಇನ್‌ಪುಟ್‌ಗೆ ಒಂದಕ್ಕಿಂತ ಹೆಚ್ಚು ಉತ್ತರ, ಇಲ್ಲಿ ಸಾಧನವಾಗಿದೆ. ಕುಣಿಕೆಯಿಲ್ಲದ ಮಂಡಲದಲ್ಲಿ ಎಡದಿಂದ ಬಲಕ್ಕೆ ಒಂದೊಂದೇ ತಂತಿಯ ಬೆಲೆ ಲೆಕ್ಕ ಹಾಕುತ್ತಾ ಹೋಗಬಹುದು, ಕೊನೆಗೆ ಸಿಗುವ ಉತ್ತರ ಒಂದೇ. ಕುಣಿಕೆ ಬಂದಾಗ ಮಾತ್ರ ಎರಡನೆಯ ಉತ್ತರಕ್ಕೆ ಅವಕಾಶ. ಹಾಗೆಂದು ಕುಣಿಕೆಗಳೆಲ್ಲ ನೆನಪಾಗುವುದಿಲ್ಲ. ಮೂರು ನಾಟ್ ಗೇಟ್‌ಗಳನ್ನು ವೃತ್ತವಾಗಿ ಜೋಡಿಸಿದರೆ ಅದು ಯಾವ ಉತ್ತರದಲ್ಲೂ ನಿಲ್ಲದೆ 0 ಮತ್ತು 1ರ ನಡುವೆ ಹೊಯ್ದಾಡುತ್ತಲೇ ಇರುತ್ತದೆ.

ಪರಸ್ಪರ ಹಿಡಿದುಕೊಳ್ಳುವ ಈ ಜೋಡಿ 1918ರಷ್ಟು ಹಳೆಯದು. ಬ್ರಿಟನ್ನಿನ ವಿಲಿಯಂ ಎಕಲ್ಸ್ ಮತ್ತು ಎಫ್. ಡಬ್ಲ್ಯು. ಜೋರ್ಡನ್ ಆ ವರ್ಷ ಎರಡು ನಿರ್ವಾತ ಕೊಳವೆಗಳಿಂದ ಇಂಥದನ್ನು ಮಾಡಿ ಪೇಟೆಂಟ್ ಅರ್ಜಿ ಹಾಕಿದರು. ಆದರೆ ಸಾಧನ ಮೊದಲೇ ಇದ್ದರೂ ಅದರ ಗಣಿತ ತಡವಾಗಿ ಬಂತು. ರಿಲೇ ಮಂಡಲಗಳನ್ನು ಬೂಲಿಯನ್ ಬೀಜಗಣಿತದಿಂದ ಬರೆಯಬಹುದೆಂದು ಕ್ಲಾಡ್ ಶಾನನ್ ತೋರಿಸಿದ ಪ್ರಬಂಧ ಪ್ರಕಟವಾದದ್ದು 1938ರಲ್ಲಿ. ಅನುಕ್ರಮ ಮಂಡಲಗಳ ಕ್ರಮಬದ್ಧ ವಿನ್ಯಾಸದ ಬಗ್ಗೆ ಡೇವಿಡ್ ಹಫ್‌ಮನ್ ಬರೆದದ್ದು 1954ರಲ್ಲಿ, ಮೀಲಿ 1955ರಲ್ಲಿ, ಮೂರ್ 1956ರಲ್ಲಿ. ಕೋಷ್ಟಕಕ್ಕೆ ಒಂದು ಒಳಸ್ಥಿತಿಯನ್ನು ಸೇರಿಸುವುದು ಇಂದು ಸಣ್ಣ ಹೆಜ್ಜೆಯಂತೆ ಕಾಣುತ್ತದೆ. ನಡುವಿನ ಈ ವರ್ಷಗಳನ್ನು ನೋಡಿದರೆ ಅದು ಅಷ್ಟು ಸಣ್ಣದಾಗಿರಲಿಲ್ಲ ಎಂದೇ ಹೇಳಬೇಕು.

ಸಂಯೋಜನಾ ಮಂಡಲಕ್ಕೂ ಒಂದಿಷ್ಟು ಗತಕಾಲ ಇದೆಯಲ್ಲ ಎಂದು ಕೇಳುವವರಿಗೂ ಉತ್ತರ ಕೊಡಬೇಕು. ಪ್ರತಿ ಗೇಟೂ ಪ್ರತಿಕ್ರಿಯಿಸಲು ಒಂದಿಷ್ಟು ಸಮಯ ತೆಗೆದುಕೊಳ್ಳುವುದರಿಂದ ಈಗಿನ ಔಟ್‌ಪುಟ್ ತುಸು ಹಿಂದಿನ ಇನ್‌ಪುಟ್‌ನದು. ಆದರೆ ಅದು ಉಳಿಯುವ ನೆನಪಲ್ಲ. ಇನ್‌ಪುಟ್‌ಗಳು ಸ್ಥಿರವಾಗಿದ್ದರೆ ಆ ವಿಳಂಬ ಕಳೆದ ಮೇಲೆ ಹಿಂದಿನದರ ಗುರುತೇ ಇರುವುದಿಲ್ಲ. ಈ ವಿಳಂಬ ನಿಜವಾಗಿ ತೊಂದರೆ ಕೊಡುವುದು ಅನುಕ್ರಮ ಮಂಡಲಕ್ಕೆ, ಏಕೆಂದರೆ ಉತ್ತರ ನೆಲೆಗೊಳ್ಳುವ ಮೊದಲಿನ ಕ್ಷಣಿಕ ಏರಿಳಿತವನ್ನು ಅದು ನೆನಪಿಟ್ಟುಕೊಂಡುಬಿಡಬಹುದು. ಆದ್ದರಿಂದಲೇ ಫ್ಲಿಪ್-ಫ್ಲಾಪ್‌ಗಳು ಕ್ಲಾಕ್ ಬಡಿದಾಗ ಮಾತ್ರ ಕಣ್ಣು ತೆರೆಯುತ್ತವೆ. ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ ಸಂಯೋಜನಾ ಭಾಗ ನೆಲೆಗೊಳ್ಳಬೇಕು. ಆದರೆ ಹೊರಗಿನ ಸಂಕೇತಕ್ಕೆ ನಮ್ಮ ಕ್ಲಾಕಿನ ಹಂಗಿಲ್ಲ. TS ಸರಿಯಾಗಿ ಬಡಿತದ ಹೊತ್ತಿಗೇ ಬದಲಾದರೆ ಒಂದು ಫ್ಲಿಪ್-ಫ್ಲಾಪ್ ಅದನ್ನು 1 ಎಂದೂ ಇನ್ನೊಂದು 0 ಎಂದೂ ಓದಬಹುದು. ಸ್ಥಿತಿಗಳಿಗೆ 00, 01, 10, 11 ಎಂದು ಎಣಿಕೆಯ ಕ್ರಮದಲ್ಲೇ ಸಂಕೇತ ಕೊಟ್ಟಿದ್ದರೆ, ಹೆದ್ದಾರಿ ಹಳದಿಯಿಂದ ಅಡ್ಡರಸ್ತೆ ಹಸಿರಿಗೆ ಹೋಗುವುದೆಂದರೆ 01ರಿಂದ 10ಕ್ಕೆ, ಎರಡೂ ಬಿಟ್ ಬದಲಾಗಬೇಕು. ಒಂದು ಮಾತ್ರ ಬದಲಾದರೆ ಸ್ಥಿತಿ 00 ಆಗಿ ಹಳದಿಯ ನಂತರ ಹೆದ್ದಾರಿಗೇ ಮತ್ತೆ ಹಸಿರು ಬರುತ್ತದೆ; ಅಥವಾ 11 ಆಗಿ ಅಡ್ಡರಸ್ತೆಗೆ ಹಸಿರೇ ಇಲ್ಲದೆ ಹಳದಿ ಬರುತ್ತದೆ. ತಿಂಗಳಿಗೊಮ್ಮೆ ಕಾಣಿಸಿಕೊಂಡು ಪರೀಕ್ಷಿಸಲು ಹೋದಾಗ ಮಾಯವಾಗುವ ದೋಷ ಇದು. ನಾವು ಮೇಲೆ ಆರಿಸಿದ 00, 01, 11, 10 ಎಂಬ ಕ್ರಮದಲ್ಲಿ ಪ್ರತಿ ಹೆಜ್ಜೆಗೂ ಒಂದೇ ಬಿಟ್ ಬದಲಾಗುತ್ತದೆ, ಹಾಗಾಗಿ ಓದು ತಪ್ಪಿದರೂ ಬದಲಾವಣೆ ಒಂದು ಬಡಿತ ತಡವಾಗುತ್ತದೆ ಅಷ್ಟೆ. ಜೊತೆಗೆ ಹೊರಗಿನ ಸಂಕೇತಗಳನ್ನು ಸಾಲಾಗಿ ಜೋಡಿಸಿದ ಎರಡು ಫ್ಲಿಪ್-ಫ್ಲಾಪ್‌ಗಳ ಮೂಲಕ ಹಾಯಿಸಿ ಒಳಗೆ ಬಿಡುವುದು ರೂಢಿ.

ಈಗಿನ ನಿಯಂತ್ರಕಗಳಲ್ಲಿ ಪ್ರೋಗ್ರಾಂ ಓಡುತ್ತದೆ, ಫ್ಲಿಪ್-ಫ್ಲಾಪ್ ಜೋಡಿಸುವವರಿಲ್ಲ, ಹೀಗಿರುವಾಗ ಈ ಚರ್ಚೆ ಹಳತಾಯಿತೇ? ಇಲ್ಲ, ಏಕೆಂದರೆ ಅದೇ ವ್ಯತ್ಯಾಸ ಪ್ರೋಗ್ರಾಮಿನಲ್ಲೂ ಬರುತ್ತದೆ. ಪ್ರತಿ ಬಡಿತಕ್ಕೂ ಕರೆಯಲಾಗುವ ಒಂದು ಸಿ ಫಂಕ್ಷನ್ ಸ್ಥಿತಿಯನ್ನು ಇಟ್ಟುಕೊಂಡಿದೆ ಎನ್ನೋಣ. ಅದನ್ನು ಈ ಎರಡು ಸಾಲುಗಳಲ್ಲಿ ಯಾವುದಾದರೂ ಒಂದರಿಂದ ಬರೆಯಬಹುದು.

```c
int state = HG;          /* ಪ್ರತಿ ಕರೆಗೂ ಹೊಸದು */
static int state = HG;   /* ಕರೆಗಳ ನಡುವೆ ಉಳಿಯುತ್ತದೆ */
```

ಹೊಸಬರು ಮೊದಲ ಸಾಲನ್ನು ಬರೆದರೆ ಫಂಕ್ಷನ್ ಪ್ರತಿ ಸಲವೂ ಹೆದ್ದಾರಿ ಹಸಿರಿನಿಂದಲೇ ಶುರುವಾಗುತ್ತದೆ. C ಮತ್ತು TL ಎರಡೂ 1 ಆದಾಗ ಅದು ಹಳದಿಗೆ ಹೋಗಿ ಟೈಮರನ್ನು ಮರುಪ್ರಾರಂಭಿಸುತ್ತದೆ; ಮುಂದಿನ ಕರೆಗೆ ಹಳದಿಗೆ ಹೋದದ್ದು ಮರೆತಿರುತ್ತದೆ. ರಸ್ತೆಯಲ್ಲಿ ನಿಂತವರಿಗೆ ಕಾಣುವುದು ಅರ್ಧ ನಿಮಿಷಕ್ಕೊಮ್ಮೆ ಹಳದಿ ಮಿಂಚಿ ಮತ್ತೆ ಹಸಿರು, ಅಡ್ಡರಸ್ತೆಯವರಿಗೆ ಎಂದೂ ಬಾರದ ಸರದಿ. ಈ ಲಕ್ಷಣ ಕಂಡರೆ ತರ್ಕದಲ್ಲಿ ತಪ್ಪು ಹುಡುಕುವ ಮೊದಲು ಸ್ಥಿತಿ ಎಲ್ಲಿ ಉಳಿಯುತ್ತಿದೆ ಎಂದು ನೋಡಬೇಕು.

ನೆನಪು ಹೆಚ್ಚಾದರೂ ಕಷ್ಟವಿದೆ. ರಸ್ತೆಯ ಅಡಿಯಲ್ಲಿ ಹೂತ ತಂತಿಸುರುಳಿಯ ಮೇಲೆ ವಾಹನ ಬಂದಾಗ ಆ ಕೋರಿಕೆಯನ್ನು ಹಿಡಿದಿಡಬೇಕೇ ಬೇಡವೇ ಎಂಬ ಆಯ್ಕೆ ನಿಜವಾದ ನಿಯಂತ್ರಕಗಳಲ್ಲಿ ಇರುತ್ತದೆ. ಎಡತಿರುವು ಮುಕ್ತವಾಗಿರುವ ನಮ್ಮ ಕೂಡುರಸ್ತೆಗಳಲ್ಲಿ ಸುರುಳಿಯ ಮೇಲೆ ಬಂದ ವಾಹನ ಕೆಂಪಿನಲ್ಲೇ ಎಡಕ್ಕೆ ತಿರುಗಿ ಹೋಗಿರಬಹುದು. ಕೋರಿಕೆಯನ್ನು ಹಿಡಿದಿಟ್ಟರೆ ಯಾರೂ ಇಲ್ಲದ ರಸ್ತೆಗೆ ಹಸಿರು ಸಿಗುತ್ತದೆ. ಹಿಡಿದಿಡದಿದ್ದರೆ ಸುರುಳಿಯನ್ನು ದಾಟಿ ಮುಂದೆ ನಿಂತವರನ್ನು ಸಿಗ್ನಲ್ ಮರೆತುಬಿಡುತ್ತದೆ. ಎಡತಿರುವಿನ ಪಟ್ಟಿಯಲ್ಲಿ ನೆನಪಿಡದಿರುವುದೂ ನಿಂತೇ ಕಾಯುವ ಪಟ್ಟಿಯಲ್ಲಿ ನೆನಪಿಡುವುದೂ ಸೂಕ್ತ. ಪಾದಚಾರಿಯ ಗುಂಡಿಯಲ್ಲಿ ಮಾತ್ರ ಈ ಆಯ್ಕೆಗೆ ಎಡೆಯಿಲ್ಲ: ಅಲ್ಲಿ ಕೋರಿಕೆ ಉಳಿಯಲೇಬೇಕು.

ಕೊನೆಯದಾಗಿ, ನೆನಪು ಇರುವ ಮಂಡಲಕ್ಕೆ ತಪ್ಪು ನೆನಪೂ ಬರಬಹುದು. ಸಂಯೋಜನಾ ಮಂಡಲಕ್ಕೆ ಒಂದು ಕ್ಷಣ ವಿದ್ಯುತ್ ಏರುಪೇರಾದರೆ ಮರುಕ್ಷಣ ಅದು ಸರಿಯಾಗುತ್ತದೆ. ಅನುಕ್ರಮ ಮಂಡಲದಲ್ಲಿ ಬಿಟ್ ಒಂದು ಮಗುಚಿದರೆ ಅದು ಹಾಗೇ ಉಳಿಯುತ್ತದೆ. ವಿದ್ಯುತ್ ಬಂದಾಗ ಫ್ಲಿಪ್-ಫ್ಲಾಪ್‌ಗಳು ಯಾವ ಬೆಲೆಯಲ್ಲಿ ಏಳುತ್ತವೆಂಬ ಖಾತರಿ ಇಲ್ಲವಾದ್ದರಿಂದ ರೀಸೆಟ್ ಬೇಕೇ ಬೇಕು. ಇದರ ಜೊತೆಗೆ ನಿಯಂತ್ರಕದ ಪೆಟ್ಟಿಗೆಯಲ್ಲಿ ದೀಪಗಳ ವೋಲ್ಟೇಜನ್ನು ನೇರವಾಗಿ ನೋಡುವ ಪ್ರತ್ಯೇಕ ಕಾವಲು ಘಟಕ ಇಡುವ ಪದ್ಧತಿಯಿದೆ. ಪರಸ್ಪರ ಅಡ್ಡ ಬರುವ ದಿಕ್ಕುಗಳಿಗೆ ಒಟ್ಟಿಗೆ ಹಸಿರು ಬಂತೇ ಎಂಬ ಅದರ ಪರೀಕ್ಷೆ ಸಂಯೋಜನಾ ತರ್ಕ. ಆದರೆ ದೋಷ ಕಂಡ ಮೇಲೆ ಸಿಗ್ನಲನ್ನು ಮಿನುಗುವ ಸ್ಥಿತಿಗೆ ತಂದು, ತಂತ್ರಜ್ಞರು ಬಂದು ರೀಸೆಟ್ ಒತ್ತುವವರೆಗೆ ಹಾಗೇ ಇಡಬೇಕಾದ್ದರಿಂದ ಅದಕ್ಕೂ ಒಂದು ಬಿಟ್ ನೆನಪು ಬೇಕಾಗುತ್ತದೆ. ಪ್ರಯೋಗಾಲಯದಲ್ಲಿ ಸ್ವತಃ ಸಿಗ್ನಲ್ ವಿನ್ಯಾಸ ಮಾಡುವವರಿಗೆ ಇಲ್ಲೊಂದು ಮಾತು. ಎಲ್ಲ ಕೆಂಪಿನ ಹಂತಗಳನ್ನು ಸೇರಿಸಿದರೆ ಸ್ಥಿತಿಗಳು ಆರು, ಅದಕ್ಕೆ ಮೂರು ಬಿಟ್, ಮೂರು ಬಿಟ್‌ಗೆ ಎಂಟು ಸಂಕೇತ. ಬಳಕೆಯಾಗದ ಎರಡು ಸಂಕೇತಗಳ ಸಾಲುಗಳನ್ನು ಕೋಷ್ಟಕದಲ್ಲಿ ಖಾಲಿ ಬಿಡಬೇಡಿ. ಅಲ್ಲಿ ದೀಪಗಳು ಎರಡೂ ಕಡೆ ಕೆಂಪು, ಮುಂದಿನ ಸ್ಥಿತಿ ಎಲ್ಲ ಕೆಂಪಿನ ಹಂತಗಳಲ್ಲೊಂದು ಎಂದು ಬರೆದಿಡಿ. ಹಾಗೆ ಬರೆಯದಿದ್ದರೆ ಮಂಡಲ ಆ ಎರಡು ಸಂಕೇತಗಳ ನಡುವೆಯೇ ಸುತ್ತುತ್ತಾ ಸಿಕ್ಕಿಬೀಳಬಹುದು, ರೀಸೆಟ್ ಒತ್ತುವವರೆಗೆ ಹೊರಬರುವುದಿಲ್ಲ.